ಆಷಾಢದ ಬಂಗಾರಕ್ಕೊಂದು ವಿಮೆ

ಆಷಾಢ ಬಂತೆಂದರೆ ಗೌಡಗೆರೆಯ ಆಭರಣದ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಶ್ರಾವಣಕ್ಕೆಂದು ತರಿಸಿದ ಮಾಲು ಬೀರುವಿನಲ್ಲೇ ಇರುತ್ತದೆ. 2024ರಲ್ಲಿ ಹಾಗೇ ಇದ್ದಾಗ, ಜುಲೈ 23ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಚಿನ್ನದ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿತು. ಎಂಸಿಎಕ್ಸ್ ವಾಯಿದಾ ಪೇಟೆಯಲ್ಲಿ ಅವತ್ತು 10 ಗ್ರಾಂಗೆ ಸುಮಾರು ನಾಲ್ಕು ಸಾವಿರ ರೂಪಾಯಿ ಬಿತ್ತು. ಕೊಳ್ಳುವವರಿಗೆ ಖುಷಿ, ಹಳೇ ದರದ ಮಾಲು ಇಟ್ಟುಕೊಂಡವರಿಗೆ ಸಂಕಟ.

ನಮ್ಮ ಕಥೆಯ ಯಜಮಾನರ ಬಳಿ (ಅವರು ಕಲ್ಪಿತ, ಬಜೆಟ್ಟು ನಿಜ) 22 ಕ್ಯಾರೆಟ್ಟಿನ 109 ಗ್ರಾಂ ಒಡವೆ ಉಳಿದಿತ್ತು. ಅಪರಂಜಿ ಲೆಕ್ಕಕ್ಕೆ ಹೆಚ್ಚುಕಡಿಮೆ 100 ಗ್ರಾಂ. ದರ 72,000ದಿಂದ 68,000ಕ್ಕೆ ಇಳಿಯಿತೆಂದು ಸುಲಭದ ಅಂಕಿ ಹಿಡಿಯೋಣ. 7,20,000 ರೂಪಾಯಿಯ ಮಾಲು 6,80,000ಕ್ಕೆ ಬಂತು.

“ಬೆಂಕಿಗೆ ವಿಮೆ ಕಟ್ಟಿದ್ದೀನಿ, ಕಳ್ಳತನಕ್ಕೂ ಕಟ್ಟಿದ್ದೀನಿ. ದರ ಬಿದ್ದರೆ ಯಾರಪ್ಪ ಕೊಡೋರು?” ಎಂದರು.

ತಂಗಿಯ ಮಗ ತುಮಕೂರಿನಲ್ಲಿ ದಲ್ಲಾಳಿ ಕಚೇರಿಯೊಂದರ ನೌಕರ. “ಅದಕ್ಕೂ ಇದೆ ಮಾವ, ಪುಟ್ ಆಪ್ಷನ್ ಅಂತ. ಮೊದಲೇ ಕೊಂಡಿದ್ದರೆ ಆ ತಿಂಗಳು ಮುಗಿಯೋವರೆಗೆ 72,000ಕ್ಕೇ ಮಾರುವ ಹಕ್ಕು ನಿಮ್ಮದಾಗಿರುತ್ತಿತ್ತು. ಮಾರಲೇಬೇಕು ಅಂತಿಲ್ಲ. ಆ ಹಕ್ಕಿಗೆ ಮೊದಲೇ ಒಂದಿಷ್ಟು ಪ್ರೀಮಿಯಂ ಕಟ್ಟಬೇಕು, ಅದು ವಾಪಸ್ ಬರಲ್ಲ.”

ಇಂಥ ವ್ಯವಹಾರ ನಮ್ಮ ಪೇಟೆಗಳಿಗೆ ಹೊಸದೇನಲ್ಲ. ಹಿಂದೆ ಹತ್ತಿ, ಬೆಳ್ಳಿ ವ್ಯಾಪಾರದವರು ಇದನ್ನೇ ತೇಜಿ-ಮಂದಿ ಎಂದು ನಡೆಸುತ್ತಿದ್ದರು. 1952ರ ಕಾಯ್ದೆ ಸರಕಿನ ಆಪ್ಷನ್‌ಗಳನ್ನು ನಿಷೇಧಿಸಿತು. ಮತ್ತೆ ಬಾಗಿಲು ತೆರೆದದ್ದು 2017ರಲ್ಲಿ, ಆ ಅಕ್ಟೋಬರಿನಲ್ಲಿ ಎಂಸಿಎಕ್ಸ್ ಚಿನ್ನದ ಆಪ್ಷನ್ ಆರಂಭಿಸಿದಾಗ. ಚಿನ್ನದ ಮಿನಿ ಕರಾರು 100 ಗ್ರಾಮಿನದು, ಯಜಮಾನರ ಬೀರುವಿಗೆ ಅಳೆದು ಹೊಲಿಸಿದಂತೆ.

ಅಳಿಯ ಚೀಟಿಯ ಮೇಲೆ ಲೆಕ್ಕ ಬರೆದ. 10 ಗ್ರಾಂಗೆ 900 ರೂಪಾಯಿ ಪ್ರೀಮಿಯಂ ಎಂದಿಟ್ಟುಕೊಂಡರೆ 100 ಗ್ರಾಂಗೆ 9,000. ದರ 68,000ಕ್ಕೆ ಬಿದ್ದರೆ ಒಡವೆಯಲ್ಲಿ 40,000 ಹೋಗುತ್ತದೆ, ಪುಟ್‌ನಲ್ಲಿ 40,000 ಬರುತ್ತದೆ. ಕೈಬಿಟ್ಟು ಹೋದದ್ದು 9,000 ಮಾತ್ರ. ದರ 74,000ಕ್ಕೆ ಏರಿದರೆ ಪುಟ್ ಕಸ, ಆದರೆ ಒಡವೆಯ ಬೆಲೆ 20,000 ಹೆಚ್ಚುತ್ತದೆ. 9,000 ಕಳೆದರೂ 11,000 ಉಳಿಯುತ್ತದೆ.

“ಒಂಬತ್ತು ಸಾವಿರ ಜಾಸ್ತಿಯಾಯ್ತಲ್ಲೋ.”

“ಹಾಗಾದರೆ 70,000ದ ಪುಟ್ ತಗೊಳ್ಳಿ. 10 ಗ್ರಾಂಗೆ 300 ರೂಪಾಯಿ ಅಂದುಕೊಳ್ಳೋಣ, ಒಟ್ಟು 3,000. ಮೊದಲ ಎರಡು ಸಾವಿರದ ಇಳಿತ ನಿಮ್ಮ ಮೇಲೆ. ಅದರ ಕೆಳಗೆ ಹೋದದ್ದು ಮಾತ್ರ ಅವರ ಮೇಲೆ.” 68,000ಕ್ಕೆ ಬಿದ್ದಾಗ ಪುಟ್‌ನಿಂದ 20,000 ಬಂದು, ಪ್ರೀಮಿಯಂ ಸೇರಿ ಯಜಮಾನರ ನಷ್ಟ 23,000. ವಾಹನ ವಿಮೆಯಲ್ಲಿ ಮೊದಲ ಸ್ವಲ್ಪ ಖರ್ಚು ಮಾಲೀಕನೇ ಹೊರುತ್ತಾನಲ್ಲ, ಹಾಗೆ.

ಎಡವುವ ಜಾಗಗಳನ್ನೂ ಅಳಿಯ ಹೇಳಿದ. ಈ ವಿಮೆ ಕಾಯುವುದು ಚಿನ್ನದ ದರವನ್ನು ಮಾತ್ರ. ಒಡವೆ ಮಾರಾಟವಾಗದೆ ಕರಗಿಸಬೇಕಾಗಿ ಬಂದರೆ ಮಜೂರಿ ಹೋಯಿತೆಂದೇ ಲೆಕ್ಕ. ಅವಧಿ ಮುಗಿಯುವ ಮೊದಲೇ ಪುಟ್ಟನ್ನೇ ಪೇಟೆಯಲ್ಲಿ ಮಾರಿ ಹಣ ತೆಗೆದುಕೊಳ್ಳುವುದು ಲೇಸು. ಲಾಭದಲ್ಲಿರುವ ಆಪ್ಷನ್ ಕೊನೆಯವರೆಗೆ ಉಳಿದರೆ ವಾಯಿದಾ ಕರಾರಾಗಿ ಮಾರ್ಪಟ್ಟು, ದೊಡ್ಡ ಮಾರ್ಜಿನ್ ಹಣ ಕೇಳುತ್ತದೆ. ಬಜೆಟ್ಟು ಹತ್ತಿರವಾಗಿ ಪೇಟೆಗೆ ಭಯ ಹುಟ್ಟಿದರೆ ಪ್ರೀಮಿಯಂ ಏರುತ್ತದೆ. ಇಳಿದ ಮೇಲೆ ಕೊಂಡರೆ ಹೋದದ್ದು ಬರುವುದಿಲ್ಲ.

ಯಜಮಾನರಿಗೆ ಇನ್ನೊಂದು ಹೊಳೆಯಿತು. “ಪ್ರೀಮಿಯಂ ತಗೊಳ್ಳೋರು ಯಾರು? ನಾವೇ ಮಾರಿದರೆ ತಿಂಗಳು ತಿಂಗಳು ಒಂಬತ್ತು ಸಾವಿರ ಬರುತ್ತಲ್ಲ?”

“ಬರುತ್ತೆ ಮಾವ. ಆಗ ನೀವೇ ವಿಮಾ ಕಂಪನಿ. ಇಂಥ ಬಜೆಟ್ಟು ಬಂದರೆ ಬೀರುವಿನಲ್ಲಿ ನಲವತ್ತು, ಪುಟ್‌ನಲ್ಲಿ ಇನ್ನೊಂದು ನಲವತ್ತು ಸಾವಿರ ಹೋಗುತ್ತೆ.”

ಅಂಗಡಿ ಇರುವವನು ಕೊಂಡರೆ ವಿಮೆಯಾಗುವ ಈ ಕಾಗದ, ಬಂಗಾರವೇ ಇಲ್ಲದವನು ಕೊಂಡರೆ ಬಾಜಿ. ವಿನಿಮಯ ಕೇಂದ್ರ ಇಬ್ಬರಿಗೂ ಮಾರುತ್ತದೆ, ಬೀರು ತೆರೆದು ನೋಡುವುದಿಲ್ಲ.

ಕೊನೆಗೆ ಯಜಮಾನರೇ ಪೆನ್ನು ತೆಗೆದುಕೊಂಡರು. ತಿಂಗಳಿಗೆ 9,000ದಂತೆ ವರ್ಷಕ್ಕೆ 1,08,000. ಏಳು ಲಕ್ಷದ ಮಾಲಿಗೆ ಶೇ 15. ಆಭರಣದ ವ್ಯಾಪಾರದಲ್ಲಿ ಅಷ್ಟು ಲಾಭ ಎಲ್ಲಿದೆ? ಆಮೇಲೆ ನಡೆದದ್ದೂ ಹಾಗೆಯೇ, 2025ರ ಏಪ್ರಿಲ್‌ನಲ್ಲಿ ದರ ಲಕ್ಷ ಮುಟ್ಟಿತು. ತಿಂಗಳು ತಿಂಗಳು ಕೊಂಡಿದ್ದರೆ ಹೆಚ್ಚಿನ ಪುಟ್‌ಗಳು ಕಸದಬುಟ್ಟಿಗೇ. ವರ್ಷದ ಮಿಕ್ಕ ತಿಂಗಳು ಮಾಲು ಕಡಿಮೆ ಇಟ್ಟು, ಶ್ರಾವಣಕ್ಕೆ ತುಂಬಿಸಿಕೊಳ್ಳುವ ಆಷಾಢಕ್ಕೆ ಮಾತ್ರ ಎರಡು ಸಾವಿರ ಕೆಳಗಿನ ಅಗ್ಗದ ಪುಟ್ ಕೊಳ್ಳುವುದೆಂದು ಅವರು ಚೀಟಿಯ ಹಿಂದೆ ಬರೆದುಕೊಂಡರು.