ನಾಲ್ಕು ವಾರ, ಎಂಟು ಘಟಕ

ಮದ್ದೂರಿನಿಂದಲೋ ಮಳವಳ್ಳಿಯಿಂದಲೋ ನಿತ್ಯವೂ ಬಸ್ಸಿನಲ್ಲಿ ಮಂಡ್ಯದ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಯೊಬ್ಬನಿಗೆ ಅಂತಿಮ ಸೆಮಿಸ್ಟರಿನ ಪರಿಸರ ವಿಜ್ಞಾನದಲ್ಲಿ ಎಂಟು ಘಟಕಗಳೂ, ಪರೀಕ್ಷೆಗೆ ನಾಲ್ಕು ವಾರಗಳೂ ಉಳಿದಿವೆಯೆಂದು ಭಾವಿಸೋಣ. ದಿನಗಳನ್ನು ಘಟಕಗಳಿಗೆ ಸಮನಾಗಿ ಹಂಚಿ ಪುಸ್ತಕದ ಅನುಕ್ರಮದಲ್ಲಿಯೇ ಓದುತ್ತ ಹೋಗುವುದು ವಾಡಿಕೆಯಾಗಿರುವುದರಿಂದ, ಮೊದಲು ಓದಿದ ಪರಿಸರ ವ್ಯವಸ್ಥೆಯು ಪರೀಕ್ಷೆಯ ಹೊತ್ತಿಗೆ ಮಸುಕಾಗಿರುತ್ತದೆ. ಕಡೆಯಲ್ಲಿರುವ ಕಾನೂನುಗಳ ಘಟಕವನ್ನಂತೂ ತೆರೆಯುವುದಕ್ಕೇ ಪುರಸತ್ತು ದೊರೆತಿರುವುದಿಲ್ಲ.

ಮರುಓದಿಗಿಂತ ಸ್ಮರಿಸಿ ಬರೆಯುವುದು ಹೆಚ್ಚು ಕಾಲ ನಿಲ್ಲುವುದೆಂಬುದನ್ನು ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಯೋಗದಿಂದ ತೋರಿಸಿದರು: ಐದು ನಿಮಿಷಗಳ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು, ವಾರ ಕಳೆದ ಮೇಲೆ ಸ್ಮರಿಸಿ ಬರೆದಿದ್ದವರು. ಆದುದರಿಂದ ಕೊನೆಯ ನಾಲ್ಕು ದಿನಗಳನ್ನು ಹಳೆಯ ಪ್ರಶ್ನೆಪತ್ರಿಕೆಗಳಿಗೆ ಮೀಸಲಿಟ್ಟು, ಉಳಿದ 24ರಲ್ಲಿ ಎರಡು ದಿನ ಹೊಸ ಘಟಕವನ್ನು ಓದಿ, ಮೂರನೆಯ ದಿನ ಪುಸ್ತಕವನ್ನು ಮುಚ್ಚಿ ಹಿಂದಿನದನ್ನು ಬರೆದು ನೋಡುವ ಕ್ರಮವು ಯುಕ್ತವೆಂದು ನನಗೆ ತೋರುತ್ತದೆ.

ಇನ್ನು ಅನುಕ್ರಮ. ಮೊದಲೆರಡು ದಿನ ಪರಿಸರ ವ್ಯವಸ್ಥೆಯ ಸಾರಜನಕ ಚಕ್ರವನ್ನು ಓದಿದವನು, ಏಳನೆಯ ಮತ್ತು ಎಂಟನೆಯ ದಿನಗಳಿಗೆ ಜಲಮಾಲಿನ್ಯವನ್ನು ತಂದುಕೊಳ್ಳಲಿ. ವಿಶ್ವೇಶ್ವರಯ್ಯ ನಾಲೆಯ ನೀರು ನಿಂತ ಭತ್ತದ ಗದ್ದೆಗೆ ಚೆಲ್ಲಿದ ಯೂರಿಯಾ ಅಮೋನಿಯವಾಗಿ, ಗಾಳಿ ತಾಗುವ ತೆಳುವಾದ ಮೇಲ್ಪದರದಲ್ಲಿ ನೈಟ್ರೊಸೊಮೊನಾಸ್ ಅದನ್ನು ನೈಟ್ರೈಟಾಗಿಯೂ ನೈಟ್ರೊಬ್ಯಾಕ್ಟರ್ ಆ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಕೆಳಗಿನ ಆಮ್ಲಜನಕವಿಲ್ಲದ ಕೆಸರಿಗೆ ಇಳಿದ ನೈಟ್ರೇಟು ಸ್ಯೂಡೊಮೊನಾಸ್ ಮುಂತಾದವುಗಳಿಂದ ಅನಿಲವಾಗಿ ಆಕಾಶಕ್ಕೆ ಮರಳಿದರೆ, ಬಸಿಗಾಲುವೆಗೆ ಹರಿದದ್ದು ಕೆರೆಯಲ್ಲಿ ಪಾಚಿಯನ್ನು ಬೆಳೆಸುತ್ತದೆ, ಆ ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ವ್ಯಯವಾಗಿ ಮೀನುಗಳು ಸಾಯುತ್ತವೆ. ಈ ಸರಪಳಿಯನ್ನು ಬಾಣದ ಗುರುತುಗಳಿಂದ ಒಂದೇ ಹಾಳೆಯಲ್ಲಿ ಬರೆಯಬಲ್ಲವನಿಗೆ ಎರಡು ಘಟಕಗಳ ಪುನರಾವರ್ತನೆ ಏಕಕಾಲದಲ್ಲಿಯೇ ನೆರವೇರಿತು. ಬರೆಯುವಾಗ ನೈಟ್ರೈಟು ನೈಟ್ರೇಟುಗಳು ಅದಲುಬದಲಾದರೆ ಮೊದಲ ಘಟಕಕ್ಕೆ ಹಿಂದಿರುಗಬೇಕೆಂದು ತಿಳಿಯಬೇಕು.

ಕಾನೂನುಗಳಿಗೂ ಇದೇ ಉಪಾಯ ಸಲ್ಲುತ್ತದೆ. ಇಸವಿಗಳನ್ನು ಒಣಪಟ್ಟಿಯಾಗಿ ಉರು ಹೊಡೆಯುವುದು ವ್ಯರ್ಥಶ್ರಮವೇ ಸರಿ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರಿನ ಮರಗಳಲ್ಲಿಯೇ ಗೂಡು ಕಟ್ಟುವುದನ್ನು ಜೀವವೈವಿಧ್ಯದ ಘಟಕದಲ್ಲಿ ಓದಿದವನು, ಅದು ಸಮುದಾಯ ಮೀಸಲು ಪ್ರದೇಶವೆನಿಸಲು ಅವಕಾಶವಿತ್ತದ್ದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 2002ರ ತಿದ್ದುಪಡಿಯೆಂಬುದನ್ನು ಅದರೊಡನೆಯೇ ಬರೆದುಕೊಳ್ಳಲಿ. 1984ರ ಭೋಪಾಲ ದುರಂತದೊಡನೆ 1986ರ ಪರಿಸರ ಸಂರಕ್ಷಣಾ ಅಧಿನಿಯಮವನ್ನು ಇರಿಸಿದರೆ ಅದೂ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಜ್ವರವೋ, ಊರಹಬ್ಬವೋ ಬಂದು ಎರಡು ದಿನ ಹೋದರೆ ಹೊಸ ಓದನ್ನು ಮೊಟಕುಗೊಳಿಸಬಹುದು. ಬರೆದು ನೋಡುವ ಮೂರನೆಯ ದಿನವನ್ನು ಮಾತ್ರ ಮುಟ್ಟಬಾರದು.