ವಾರಕ್ಕೆ ಎರಡು ಗಂಟೆ, ಬಾಗಿಲಿರುವ ಒಂದು ಕೋಣೆ

ಹಾಸಿಗೆ ಹಿಡಿದವರ ಮನೆಗೆ ವಾರವಾರ ಹೋಗಿಬರಲು ಜನ ಮತ್ತು ಜಾಗ ಕೇಳಿ ಊರಿನ ಸಂಘಕ್ಕೆ ಬರೆಯುವ ಪತ್ರದಲ್ಲಿ ‘ಸಹಕರಿಸಿ’ ಎಂದಷ್ಟೇ ಇದ್ದರೆ, ಏನು ಕೊಡಬೇಕೆಂದು ಸಂಘದವರಿಗೆ ತಿಳಿಯುವುದಿಲ್ಲ.

ಕೇರಳದಲ್ಲಿ ಇದಕ್ಕೊಂದು ಮಾದರಿಯಿದೆ. ಕೋಝಿಕ್ಕೋಡಿನಲ್ಲಿ 1993ರಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಕೆಲಸ ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ನೆರೆಹೊರೆಯವರೇ ನಡೆಸುವ ಜಾಲವಾಗಿ ಬೆಳೆಯಿತು. ಅಲ್ಲಿ ಸ್ವಯಂಸೇವಕರಿಂದ ಕೇಳಿದ್ದು ವಾರಕ್ಕೆ ಕನಿಷ್ಠ 2 ಗಂಟೆ. ಅದಕ್ಕೂ ಮೊದಲು ತರಬೇತಿ.

ಪತ್ರವೂ ಇಷ್ಟೇ ನಿಖರವಾಗಿರಬೇಕು. ಆರು ರೋಗಿಗಳಿದ್ದಾರೆ ಎನ್ನೋಣ. ಇಬ್ಬಿಬ್ಬರ ಮೂರು ಜೋಡಿ, ಜೋಡಿಗೆ ಎರಡು ಮನೆ, ಶನಿವಾರ ಬೆಳಿಗ್ಗೆ 10ರಿಂದ 12. ಯಾರಾದರೂ ತಪ್ಪಿಸಿಕೊಂಡರೆ ಭೇಟಿ ನಿಲ್ಲದಿರಲು ಇನ್ನಿಬ್ಬರು ಬೇಕು. ಒಟ್ಟು ಎಂಟು ಜನ.

ಕೆಲಸದ ಗಡಿಯನ್ನೂ ಬರೆಯಬೇಕು. ಮೈ ಒರೆಸಲು, ಮಗ್ಗುಲು ಬದಲಿಸಲು ಮನೆಯವರಿಗೆ ಕೈಜೋಡಿಸುವುದು, ಮಾತಾಡಿಸುವುದು ಸ್ವಯಂಸೇವಕರದು. ಇಂಜೆಕ್ಷನ್, ಕ್ಯಾತಿಟರ್ ನರ್ಸ್‌ನದು. ಹಿಮ್ಮಡಿ, ಸೊಂಟದ ಬಳಿ ಒತ್ತಿದರೂ ಮಾಸದ ಕೆಂಪು ಕಂಡರೆ ಅದು ಹಾಸಿಗೆ ಹುಣ್ಣಿನ ಆರಂಭ. ಅಂದೇ ನರ್ಸ್‌ಗೆ ತಿಳಿಸಬೇಕು.

ಕೋಣೆ ಬೇಕಾಗುವುದು ಭೇಟಿಯ ನಂತರದ ಅರ್ಧ ಗಂಟೆಗೆ. ಅಲ್ಲಿ ರೋಗಿಗಳ ನೋವು, ಮನೆಯ ಕಷ್ಟ ಮಾತಿಗೆ ಬರುತ್ತವೆ. ಹಾಗಾಗಿ ಸಭಾಂಗಣದ ಮೂಲೆ ಸಾಲದು, ಮುಚ್ಚುವ ಬಾಗಿಲು ಬೇಕು. ಭೇಟಿಯ ಪುಸ್ತಕ, ಕೈಗವಸು ಇಡಲು ಬೀಗವಿರುವ ಬೀರು ಬೇಕು.

ಪತ್ರದಲ್ಲಿ ರೋಗಿಗಳ ಹೆಸರು ಮಾತ್ರ ಬೇಡ. ಅವರ ಒಪ್ಪಿಗೆ ಪಡೆದು, ತರಬೇತಿ ಮುಗಿಸಿದವರಿಗಷ್ಟೇ ವಿಳಾಸ ಕೊಡಿ.