e^x · e^y = e^(x+y): ಅನಂತ ಸರಣಿಗಳನ್ನು ಹಾಗೆ ಗುಣಿಸಬಹುದೇ?

ಅನಂತ ಸರಣಿಯ ಪದಗಳನ್ನು ಹೇಗೆ ಬೇಕಾದರೂ ಗುಂಪು ಮಾಡಿ ಕೂಡಿಸಬಹುದು ಎಂಬ ನಂಬಿಕೆ ಸರಿಯಲ್ಲ. ಆದರೆ e^x ವಿಷಯದಲ್ಲಿ ಅದು ನಡೆಯುತ್ತದೆ. ಯಾಕೆ?

e^x = 1 + x + x²/2! + x³/3! + … y ಗೂ ಹೀಗೆಯೇ. ಎರಡನ್ನೂ ಗುಣಿಸಿ, ಒಟ್ಟು ಘಾತ 2 ಇರುವ ಪದಗಳನ್ನು ಮಾತ್ರ ಆರಿಸಿ: x²/2 + xy + y²/2. ಇದು (x+y)²/2! ಅಷ್ಟೇ. ಘಾತ n ಆದರೆ, ದ್ವಿಪದ ಪ್ರಮೇಯದಿಂದ (x+y)ⁿ/n! ಸಿಗುತ್ತದೆ. ಎಲ್ಲ ಕೂಡಿದರೆ e^(x+y).

ಹಲವರು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಹೀಗೆ ಗುಂಪು ಮಾಡಿದ್ದು ಸರಿಯೇ?

ಎರಡೂ ಸರಣಿಗಳನ್ನು ಘಾತ N ವರೆಗೆ ಮಾತ್ರ ತೆಗೆದುಕೊಂಡು, ಗುಣಲಬ್ಧಗಳನ್ನು ಚೌಕದಲ್ಲಿ ಬರೆಯಿರಿ. ನಮ್ಮ ಗುಂಪುಗಳು ಅದರ ಒಂದು ಮೂಲೆಯ ತ್ರಿಕೋನವನ್ನಷ್ಟೇ ತುಂಬುತ್ತವೆ. ಹೊರಗುಳಿದ ಪ್ರತಿ ಪದದಲ್ಲೂ x ಅಥವಾ y ಯ ಘಾತ N/2 ಮೀರಿರುತ್ತದೆ. ಅಷ್ಟು ದೊಡ್ಡ ಘಾತದ ಪದಗಳನ್ನು ಋಣಚಿಹ್ನೆ ಅಳಿಸಿ ಕೂಡಿದರೂ, N ಬೆಳೆದಂತೆ ಮೊತ್ತ ಸೊನ್ನೆಯತ್ತ ಇಳಿಯುತ್ತದೆ. x = y = 1, N = 10 ಇಟ್ಟು ನೋಡಿ: ಹೊರಗುಳಿದದ್ದು ಸುಮಾರು 0.00006.

ಋಣಚಿಹ್ನೆ ಅಳಿಸಿದರೆ ಮೊತ್ತ ಮಿತಿಯಿಲ್ಲದೆ ಬೆಳೆಯುವ ಸರಣಿಗಳಲ್ಲಿ ಈ ವಾದ ನಿಲ್ಲುವುದಿಲ್ಲ. 1 − 1/√2 + 1/√3 − … ಸರಣಿಗೆ ನಿಶ್ಚಿತ ಮೊತ್ತವಿದೆ. ಅದನ್ನು ಅದರಿಂದಲೇ ಹೀಗೆ ಗುಣಿಸಿದರೆ, ಚಿಹ್ನೆ ಬಿಟ್ಟು ನೋಡಿದಾಗ ಯಾವ ಗುಂಪೂ 1ಕ್ಕಿಂತ ಕಡಿಮೆಯಾಗುವುದಿಲ್ಲ, ಮೊತ್ತವೇ ಸಿಗುವುದಿಲ್ಲ. ಫ್ರಾನ್ಸಿನ ಗಣಿತಜ್ಞ ಕೋಶಿ 1821ರಲ್ಲೇ ಇದನ್ನು ತೋರಿಸಿದ್ದರು.